ಕೈವಾರ ಬೇಡದ ಸಮಬಾಹು ತ್ರಿಭುಜ

ಎ4 ಹಾಳೆಯೊಂದನ್ನು ಅಡ್ಡಲಾಗಿ ಮೇಜಿನ ಮೇಲಿಡಿ. ಮೇಲಂಚಿನ ನಡುಬಿಂದುವನ್ನು ಗುರುತಿಸಿ, ಅಲ್ಲಿಂದ ಕೆಳಗಿನ ಎರಡು ಮೂಲೆಗಳಿಗೂ ಒಂದೊಂದು ಮಡಿಕೆ ಹಾಕಿ. ಎಡಬಲದ ಚೂರುಗಳು ಹಿಂದಕ್ಕೆ ಹೋಗಿ, ಮುಂದೊಂದು ಅಂದವಾದ ತ್ರಿಭುಜ ಉಳಿಯುತ್ತದೆ. ಮಕ್ಕಳು ತೋರಣಕ್ಕೆ ಬಣ್ಣದ ಕಾಗದ ಕತ್ತರಿಸುವಾಗ ಸಾಮಾನ್ಯವಾಗಿ ಇದನ್ನೇ ಮಾಡುತ್ತಾರೆ. ದೂರದಿಂದ ನೋಡಿದವರು ಇದನ್ನು ಸಮಬಾಹು ತ್ರಿಭುಜ ಎಂದುಕೊಂಡರೆ ತಪ್ಪಿಲ್ಲ.

ಆದರೆ ಅಳತೆಪಟ್ಟಿ ಒಪ್ಪುವುದಿಲ್ಲ. ಕೆಳಗಿನ ಬಾಹು 297 ಮಿಲಿಮೀಟರು, ಉಳಿದೆರಡು ಸುಮಾರು 257. ಕೆಳಗಿನ ಕೋನಗಳು 60 ಡಿಗ್ರಿ ಇರಬೇಕಾದಲ್ಲಿ 54.7ರ ಆಸುಪಾಸಿನಲ್ಲಿವೆ, ನೆತ್ತಿಯ ಕೋನ 70 ದಾಟಿದೆ. ಎಷ್ಟೇ ಜಾಗ್ರತೆಯಿಂದ, ಉಗುರಿನಲ್ಲಿ ತೀಡಿ ಮಡಿಸಿದರೂ ಈ ವ್ಯತ್ಯಾಸ ಹೋಗದು. ತಪ್ಪು ಕೈಯದಲ್ಲ. ಮಡಿಕೆ ಬಿದ್ದ ಜಾಗವನ್ನು ಆರಿಸಿಕೊಟ್ಟದ್ದು ಹಾಳೆಯ ಉದ್ದ ಅಗಲಗಳು, ಅವಕ್ಕೂ ಸಮಬಾಹು ತ್ರಿಭುಜಕ್ಕೂ ಸಂಬಂಧವಿಲ್ಲ. ಇಲ್ಲಿ ಕೈಯ ತಪ್ಪು ಮತ್ತು ವಿಧಾನದ ತಪ್ಪು ಎಂಬ ಎರಡನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಮಡಿಕೆ ನಿಖರ ಎಂದರೆ ಕೈ ನಡುಗಿಲ್ಲ ಎಂದು ಅರ್ಥವಲ್ಲ, ಕೈ ನಡುಗದಿದ್ದರೆ ಉತ್ತರ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಅರ್ಥ.

ಅಂಥ ನಿಖರವಾದ ಮಡಿಕೆಯೊಂದಿದೆ, ಮೇಲಿನದಕ್ಕಿಂತ ಕಷ್ಟವೇನಲ್ಲ. ಈ ಸಲ ಎ4 ಹಾಳೆಯನ್ನು ಉದ್ದಕ್ಕೆ ಇಟ್ಟುಕೊಳ್ಳಬೇಕು, ಅಂದರೆ 210 ಮಿಲಿಮೀಟರಿನ ಗಿಡ್ಡ ಅಂಚು ಎದೆಯ ಕಡೆಗೆ. ಕೆಳಗಿನ ಎಡಮೂಲೆಯನ್ನು ಅ ಎಂದೂ ಬಲಮೂಲೆಯನ್ನು ಬ ಎಂದೂ ಕರೆಯೋಣ. ಮೊದಲು ಎಡದ ಉದ್ದಂಚನ್ನು ಬಲದ ಉದ್ದಂಚಿನ ಮೇಲೆ ಕೂರಿಸಿ, ಪುಸ್ತಕ ಮುಚ್ಚಿದಂತೆ ಮಡಿಸಿ, ಬಿಚ್ಚಿ. ಹಾಳೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ನಡುಗೆರೆ ಬಿತ್ತು. ಈಗ ಎಡಗೈಯ ತೋರುಬೆರಳಿನಿಂದ ಅ ಮೂಲೆಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಬ ಮೂಲೆಯನ್ನು ಎತ್ತಿ, ಬಾಗಿಲು ತಿರುಗಿಸಿದ ಹಾಗೆ ಮೇಲಕ್ಕೂ ಎಡಕ್ಕೂ ತರಬೇಕು. ಬ ಮೂಲೆಯ ತುದಿ ನಡುಗೆರೆಯನ್ನು ಮುಟ್ಟಿದೊಡನೆ ನಿಲ್ಲಿಸಿ, ಮಡಿಕೆ ಸರಿಯಾಗಿ ಅ ಮೂಲೆಯಿಂದಲೇ ಹೊರಡುವಂತೆ ನೋಡಿಕೊಂಡು ಹಾಳೆಯನ್ನು ಒತ್ತಬೇಕು. ತುದಿ ಕೂತ ಜಾಗದಲ್ಲಿ ಪೆನ್ಸಿಲಿನ ಚುಕ್ಕಿ ಇಟ್ಟು ಅದಕ್ಕೆ ಕ ಎನ್ನೋಣ. ಬಿಚ್ಚಿ ನೋಡಿದರೆ ಕೆಲಸ ಮುಗಿದಿದೆ. ಅ, ಬ, ಕ ಮೂರನ್ನೂ ಸೇರಿಸಿದರೆ ಸಮಬಾಹು ತ್ರಿಭುಜ.

ಕಾರಣ ಎರಡೇ ವಾಕ್ಯದ್ದು. ಬ ಮೂಲೆ ಕ ಬಿಂದುವಿಗೆ ಬಂದಾಗ ಕಾಗದ ಹಿಗ್ಗಲಿಲ್ಲ, ಕುಗ್ಗಲಿಲ್ಲ, ಅ ಮೂಲೆ ಅಲುಗಲಿಲ್ಲ. ಆದ್ದರಿಂದ ಅ ಇಂದ ಕ ವರೆಗಿನ ದೂರ ಅ ಇಂದ ಬ ವರೆಗಿನ ದೂರವೇ. ಇತ್ತ ಕ ಬಿಂದು ನಡುಗೆರೆಯ ಮೇಲಿದೆ, ನಡುಗೆರೆಯ ಮೇಲಿನ ಪ್ರತಿ ಬಿಂದುವೂ ಅ ಮತ್ತು ಬ ಮೂಲೆಗಳಿಂದ ಸಮದೂರದಲ್ಲಿರುತ್ತದೆ. ಆದ್ದರಿಂದ ಕ ಇಂದ ಅ ಎಷ್ಟು ದೂರವೋ ಬ ಅಷ್ಟೇ ದೂರ. ಮೂರು ಬಾಹುಗಳೂ 210 ಮಿಲಿಮೀಟರು. ಗಮನಿಸಬೇಕಾದದ್ದು ಏನೆಂದರೆ, ಹಾಳೆಯ ಉದ್ದ 297 ಎಂಬುದು ಈ ವಾದದಲ್ಲಿ ಎಲ್ಲಿಯೂ ಬರಲೇ ಇಲ್ಲ. ಚೌಕ ಕಾಗದವಾದರೂ ಸರಿ, ಹಳೆಯ ಕ್ಯಾಲೆಂಡರಿನ ಹಾಳೆಯಾದರೂ ಸರಿ, ತ್ರಿಭುಜದ ಎತ್ತರಕ್ಕೆ ಸಾಲುವಷ್ಟು ಉದ್ದವಿದ್ದರೆ ಸಾಕು. 210ರ ಬಾಹುವಿಗೆ ಆ ಎತ್ತರ ಸುಮಾರು 182 ಮಿಲಿಮೀಟರು.

ನಡುಗೆರೆಯ ಮೇಲಿನ ಬಿಂದುಗಳೆಲ್ಲ ಎರಡು ಮೂಲೆಗಳಿಂದ ಸಮದೂರ ಎಂದು ಹೇಳಿದ್ದು ಯಾವ ಧೈರ್ಯದ ಮೇಲೆ? ಇದಕ್ಕೆ ಉತ್ತರ ಮಡಿಕೆ ಎಂಬುದರಲ್ಲೇ ಇದೆ. ಮಡಿಸುವಾಗ ಹಾಳೆಯ ಅರ್ಧ ಚಲಿಸುತ್ತದೆ, ಇನ್ನರ್ಧ ಸುಮ್ಮನಿರುತ್ತದೆ. ಮಡಿಕೆಗೆರೆಯ ಮೇಲಿನ ಬಿಂದುಗಳು ಎರಡೂ ಅರ್ಧಗಳಿಗೆ ಸೇರಿದವು, ಅವು ಜಾಗ ಬಿಡುವುದಿಲ್ಲ. ಅ ಮೂಲೆ ಬ ಮೂಲೆಯ ಮೇಲೆ ಕೂತಿತು ಎಂದಿಟ್ಟುಕೊಳ್ಳಿ. ಗೆರೆಯ ಮೇಲಿನ ಯಾವುದೋ ಒಂದು ಬಿಂದುವಿನಿಂದ ಅ ಮೂಲೆಗೆ ದಾರ ಎಳೆದಿದ್ದರೆ ಆ ದಾರ ಮಡಿಸಿದ ಮೇಲೆ ಅದೇ ಬಿಂದುವಿನಿಂದ ಬ ಮೂಲೆಗೆ ಎಳೆದ ದಾರದ ಮೇಲೆಯೇ ಬಿದ್ದಿರುತ್ತದೆ. ಉದ್ದ ಬದಲಾಗಿಲ್ಲ, ಹಾಗಾಗಿ ದೂರಗಳು ಸಮ. ಮಡಿಕೆ ಯಾವಾಗಲೂ ನೇರಗೆರೆಯಾಗಿಯೇ ಬೀಳುವುದು ಏಕೆ ಎಂಬುದೂ ಇಲ್ಲೇ ಬಗೆಹರಿಯುತ್ತದೆ: ಎರಡು ಬಿಂದುಗಳಿಂದ ಸಮದೂರದಲ್ಲಿರುವ ಬಿಂದುಗಳನ್ನೆಲ್ಲ ಒಟ್ಟುಮಾಡಿದರೆ ಸಮತಲದಲ್ಲಿ ಒಂದು ನೇರಗೆರೆಯೇ ಸಿಗುವುದು, ಶಾಲೆಯಲ್ಲಿ ಲಂಬಾರ್ಧಕ ಎನ್ನುವುದು ಅದನ್ನೇ. ಕಾಗದ ಮಡಿಸುವವನಿಗೆ ಅಳತೆಪಟ್ಟಿ ಬೇಕಿಲ್ಲದಿರುವುದು ಇದರಿಂದಲೇ.

ಕೋನವನ್ನು ಅರ್ಧಿಸುವುದು ಇನ್ನೂ ಸಲೀಸು. ಹಾಳೆಯ ಮೇಲೆ ಒಂದು ಕೋನದ ಎರಡು ಭುಜಗಳು ಎದ್ದು ಕಾಣುವಂತೆ ಮಡಿಕೆ ಬಿದ್ದಿರಲಿ. ಒಂದು ಭುಜವನ್ನು ಎತ್ತಿ ಇನ್ನೊಂದರ ಮೇಲೆ ಮಲಗಿಸಿ ಒತ್ತಿದರೆ ಹೊಸ ಮಡಿಕೆ ಶೃಂಗದ ಮೂಲಕ ಹಾದು ಕೋನವನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ಇನ್ನೊಂದರ ಮೇಲೆಯೇ ಕೂತಿದೆ, ಅಂಚಿಗೆ ಅಂಚು ತಾಗಿದೆ. ಎರಡೂ ಸಮ ಎನ್ನಲು ಬೇರೆ ಸಾಕ್ಷಿ ಬೇಕಾಗಿಲ್ಲ. ನಮ್ಮ ತ್ರಿಭುಜದಲ್ಲೇ ಇದು ಕೇಳದೆ ಬಂದಿದೆ. ಬ ಮೂಲೆಯನ್ನು ಕ ಬಿಂದುವಿಗೆ ತಂದಾಗ ಬಿದ್ದ ಮಡಿಕೆ ಅ ಮೂಲೆಯ 60 ಡಿಗ್ರಿಯ ಕೋನವನ್ನು 30 ಮತ್ತು 30 ಮಾಡಿದೆ. ಹಾಳೆಯ ಮೂಲೆ 90 ಡಿಗ್ರಿಯದಾದ್ದರಿಂದ ತ್ರಿಭುಜದ ಹೊರಗೆ ಉಳಿದದ್ದೂ 30. ಹೀಗೆ ಲಂಬಕೋನವೊಂದು ಸದ್ದಿಲ್ಲದೆ ಮೂರು ಸಮಪಾಲಾಗಿ ಹೋಗಿದೆ.

ಕೈವಾರಕ್ಕೆ ಸುಲಭವಲ್ಲದ ಒಂದು ಅನುಕೂಲ ಕಾಗದಕ್ಕಿದೆ. ಎರಡು ಗೆರೆಗಳು ಹಾಳೆಯ ಹೊರಗೆಲ್ಲೋ ಕೂಡುತ್ತವೆ, ಅವುಗಳ ನಡುವಿನ ಕೋನವನ್ನು ಅರ್ಧಿಸಬೇಕು ಎಂದಿಟ್ಟುಕೊಳ್ಳಿ. ಕೈವಾರದ ಮೊನೆ ಊರಲು ಶೃಂಗವೇ ಇಲ್ಲ, ಸುತ್ತುದಾರಿ ಹಿಡಿಯಬೇಕು. ಕಾಗದ ಮಡಿಸುವವನು ಒಂದು ಗೆರೆಯನ್ನು ಇನ್ನೊಂದರ ಮೇಲೆ ತಂದು ಕೂರಿಸುತ್ತಾನೆ, ಅಷ್ಟೇ. ಬೆಳಕಿಗೆ ಹಿಡಿದರೆ ಎರಡೂ ಗೆರೆಗಳು ಒಂದಾಗಿರುವುದು ಕಾಣುತ್ತದೆ. ಬಿದ್ದ ಮಡಿಕೆಯನ್ನು ಹೊರಕ್ಕೆ ಬೆಳೆಸಿದರೆ ಅದು ಕಾಣದ ಆ ಶೃಂಗಕ್ಕೇ ಹೋಗಿ ಸೇರುತ್ತದೆ.

ಈ ವಿಷಯದಲ್ಲಿ ಯೂಕ್ಲಿಡನ ದಾರಿಗೂ ಕಾಗದದ ದಾರಿಗೂ ಇರುವ ವ್ಯತ್ಯಾಸ ಸ್ವಾರಸ್ಯದ್ದು. ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದ ಮೊದಲ ಪ್ರಮೇಯವೇ ಸಮಬಾಹು ತ್ರಿಭುಜದ ರಚನೆ: ರೇಖೆಯ ಎರಡು ತುದಿಗಳಲ್ಲೂ ಕೈವಾರ ಊರಿ ಎರಡು ವೃತ್ತ ಎಳೆ, ಅವು ಕೂಡುವಲ್ಲಿ ಮೂರನೆಯ ಶೃಂಗ. ಕೋನವನ್ನು ಅರ್ಧಿಸುವುದು ಒಂಬತ್ತನೆಯ ಪ್ರಮೇಯ, ರೇಖೆಯನ್ನು ಅರ್ಧಿಸುವುದು ಹತ್ತನೆಯದು. ಎರಡಕ್ಕೂ ಅವನು ಮೊದಲನೆಯದನ್ನೇ ಆಧಾರ ಮಾಡಿಕೊಳ್ಳುತ್ತಾನೆ. ಕೋನದ ಎರಡು ಭುಜಗಳಲ್ಲಿ ಸಮದೂರದ ಬಿಂದುಗಳನ್ನು ಗುರುತಿಸಿ, ಅವನ್ನು ಸೇರಿಸಿ, ಆ ರೇಖೆಯ ಮೇಲೆ ಸಮಬಾಹು ತ್ರಿಭುಜ ನಿಲ್ಲಿಸಿ, ಅದರ ನೆತ್ತಿಯನ್ನು ಶೃಂಗಕ್ಕೆ ಸೇರಿಸುತ್ತಾನೆ. ಅಂದರೆ ಅವನಿಗೆ ತ್ರಿಭುಜ ಮೊದಲು, ಅರ್ಧಿಸುವುದು ಆಮೇಲೆ.

ಕಾಗದದಲ್ಲಿ ಇದು ತಲೆಕೆಳಗು. ಅರ್ಧಿಸುವುದು ಮಡಿಕೆಯ ಹುಟ್ಟುಗುಣ, ಅದಕ್ಕೆ ಏನನ್ನೂ ಮೊದಲೇ ಕಟ್ಟಿಕೊಳ್ಳಬೇಕಿಲ್ಲ. ಮೊದಲ ಮಡಿಕೆಯೇ ಅಂಚನ್ನು ಅರ್ಧಿಸಿತು, ಆ ಅರ್ಧಗೆರೆ ಇದ್ದದ್ದರಿಂದಲೇ ಎರಡನೆಯ ಮಡಿಕೆಯಲ್ಲಿ ತ್ರಿಭುಜ ಹುಟ್ಟಿತು. ಇನ್ನೊಂದು ಮಾತೂ ಇದೆ. ಯೂಕ್ಲಿಡ್ ನಾಲ್ಕನೆಯ ಪ್ರಮೇಯದಲ್ಲಿ ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟಂತೆ ವಾದಿಸುತ್ತಾನೆ. ಹೀಗೆ ಆಕೃತಿಗಳನ್ನು ಎತ್ತಿ ಇಡಲು ಅನುಮತಿ ಕೊಟ್ಟವರು ಯಾರು ಎಂದು ಮುಂದಿನ ಗಣಿತಜ್ಞರು ಆಕ್ಷೇಪಿಸಿದ್ದುಂಟು. ಅವನ ಸ್ವಯಂಸಿದ್ಧಗಳಲ್ಲಿ ಅಂಥ ಚಲನೆಯ ಪ್ರಸ್ತಾಪವಿಲ್ಲ. ಕಾಗದದವನಿಗೆ ಆ ಮುಜುಗರವಿಲ್ಲ. ಎತ್ತಿ ಇಡುವುದೇ ಅವನ ಏಕೈಕ ಉಪಕರಣ.

ಈ ತಿರುಗುಮುರುಗನ್ನು ಪುಸ್ತಕವಾಗಿ ಬರೆದವರು ಮದರಾಸಿನ ಟಿ. ಸುಂದರ ರಾವ್. ಅವರ ‘ಜಿಯೊಮೆಟ್ರಿಕ್ ಎಕ್ಸರ್ಸೈಸಸ್ ಇನ್ ಪೇಪರ್ ಫೋಲ್ಡಿಂಗ್’ 1893ರಲ್ಲಿ ಅಲ್ಲಿನ ಅಡಿಸನ್ ಕಂಪನಿಯಿಂದ ಹೊರಬಂತು. ಶಿಶುವಿಹಾರಗಳಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಕಾಗದ ಮಡಿಸುವ ಆಟವೇ ಅದಕ್ಕೆ ಪ್ರೇರಣೆ ಎಂದು ಅವರು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕದ ಮೊದಲ ಅಧ್ಯಾಯ ಚೌಕ, ಎರಡನೆಯದು ಸಮಬಾಹು ತ್ರಿಭುಜ. ಮೇಲೆ ವಿವರಿಸಿದ ಮಡಿಕೆ, ಅಂದರೆ ಒಂದು ಮೂಲೆಯನ್ನು ಹಿಡಿದು ಇನ್ನೊಂದನ್ನು ನಡುಗೆರೆಗೆ ತರುವುದು, ಆ ಎರಡನೆಯ ಅಧ್ಯಾಯದ ಆರಂಭದಲ್ಲೇ ಬರುತ್ತದೆ. ಜರ್ಮನಿಯ ಫೆಲಿಕ್ಸ್ ಕ್ಲೈನ್ 1895ರಲ್ಲಿ ಪ್ರಕಟವಾದ ತಮ್ಮ ಜ್ಯಾಮಿತಿ ಉಪನ್ಯಾಸಗಳಲ್ಲಿ ಈ ಪುಟ್ಟ ಪುಸ್ತಕವನ್ನು ಹೆಸರಿಸಿದರು. 1901ರಲ್ಲಿ ಶಿಕಾಗೊದಲ್ಲಿ ಅದರ ಅಮೆರಿಕನ್ ಆವೃತ್ತಿ ಬಂತು. ಯೂಕ್ಲಿಡನನ್ನು ಗಿಳಿಪಾಠದಂತೆ ಒಪ್ಪಿಸುವುದೇ ಜ್ಯಾಮಿತಿ ಎನಿಸಿಕೊಂಡಿದ್ದ ಕಾಲದಲ್ಲಿ ಮದರಾಸಿನಲ್ಲಿ ಕೂತು ಇಂಥದ್ದೊಂದನ್ನು ಬರೆದದ್ದು ಸಣ್ಣ ಮಾತಲ್ಲ.

ವಿಧಾನ ನಿಖರವಿದ್ದರೂ ಬೆರಳುಗಳು ತಪ್ಪುತ್ತವೆ. ಎಷ್ಟು ತಪ್ಪಿದರೆ ಎಷ್ಟು ಕೆಡುತ್ತದೆ? ನಡುಗೆರೆ ಒಂದು ಮಿಲಿಮೀಟರು ಬಲಕ್ಕೆ ಸರಿದು 105ರ ಬದಲು 106ರಲ್ಲಿ ಬಿತ್ತು ಎನ್ನೋಣ. ಬ ಮೂಲೆಯನ್ನು ಅದರ ಮೇಲೆ ತಂದರೆ ಅ–ಕ ಬಾಹು 210 ಆಗಿಯೇ ಇರುತ್ತದೆ, ಆದರೆ ಬ–ಕ ಬಾಹು 209ಕ್ಕೆ ಇಳಿಯುತ್ತದೆ, ಅ ಮೂಲೆಯ ಕೋನ 60ರಿಂದ ಸುಮಾರು 59.7ಕ್ಕೆ ಕುಗ್ಗುತ್ತದೆ. ತೋರಣಕ್ಕೆ ಇಷ್ಟು ಪರವಾಗಿಲ್ಲ. ಆರು ತ್ರಿಭುಜ ಜೋಡಿಸಿ ಷಟ್ಕೋನ ಮಾಡಹೊರಟರೆ ಮಾತ್ರ ನಡುವೆ ಎರಡು ಡಿಗ್ರಿಗೆ ತುಸು ಕಡಿಮೆಯ ಸಂದಿ ಬಾಯಿಬಿಡುತ್ತದೆ.

ತಪ್ಪನ್ನು ಹಿಡಿಯುವುದು ಹೇಗೆ ಎಂಬಲ್ಲಿ ಅನೇಕರು ಎಡವುತ್ತಾರೆ. ಮೂರು ಕೋನಗಳನ್ನೂ ಅರ್ಧಿಸಿ ಮಡಿಸಿದೆ, ಮೂರು ಗೆರೆಗಳೂ ಒಂದೇ ಬಿಂದುವಿನಲ್ಲಿ ಕೂಡಿದವು, ಆದ್ದರಿಂದ ತ್ರಿಭುಜ ಸರಿಯಿದೆ ಎನ್ನುವವರುಂಟು. ಈ ಪರೀಕ್ಷೆಗೆ ಬೆಲೆಯಿಲ್ಲ, ಏಕೆಂದರೆ ಯಾವ ತ್ರಿಭುಜದಲ್ಲಾದರೂ, ಎಷ್ಟೇ ಸೊಟ್ಟಗಿದ್ದರೂ, ಮೂರು ಕೋನಾರ್ಧಕಗಳು ಒಂದೇ ಕಡೆ ಕೂಡುತ್ತವೆ. ಅ ಮೂಲೆಯ ಕೋನವನ್ನು ಅರ್ಧಿಸಿದಾಗ ಬ ಮೂಲೆ ಕ ಬಿಂದುವಿನ ಮೇಲೆ ಕೂತಿತು ಎನ್ನುವುದೂ ಸಾಕ್ಷಿಯಲ್ಲ. ಆ ಎರಡು ಬಾಹುಗಳನ್ನು ಸಮ ಮಾಡಿಯೇ ತ್ರಿಭುಜ ಕಟ್ಟಿದ್ದು, ನಡುಗೆರೆ ಎಲ್ಲಿದ್ದರೂ ಅವು ಸಮವೇ. ಪರೀಕ್ಷೆ ಮಾಡಬೇಕಾದದ್ದು ಇನ್ನೊಂದು ಕಡೆಯಿಂದ. ಈ ಬಾರಿ ಬ ಮೂಲೆಯನ್ನು ಒತ್ತಿ ಹಿಡಿದು ಅ ಮೂಲೆಯನ್ನು ನಡುಗೆರೆಗೆ ತನ್ನಿ. ಅದು ಮೊದಲಿನ ಪೆನ್ಸಿಲ್ ಚುಕ್ಕಿಯ ಮೇಲೆಯೇ ಕೂತರೆ ತ್ರಿಭುಜ ಗೆದ್ದಿತು. ನಡುಗೆರೆ ಒಂದು ಮಿಲಿಮೀಟರು ತಪ್ಪಿದ್ದಲ್ಲಿ ಚುಕ್ಕಿಗಳೆರಡೂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಮೇಲೆಕೆಳಗಾಗಿ ಕಣ್ಣಿಗೆ ಬೀಳುತ್ತವೆ.

ಇನ್ನೊಂದು ಸಾಮಾನ್ಯ ತಪ್ಪು ಮಡಿಕೆ ಅ ಮೂಲೆಯಿಂದ ಹೊರಡದೆ ಪಕ್ಕದಿಂದ ಹೊರಡುವುದು. ಆಗ ಅ ಮೂಲೆಯೂ ಜಾಗ ಬಿಟ್ಟಿರುತ್ತದೆ, ಅಥವಾ ಅದರ ಪಕ್ಕದಲ್ಲಿ ಅಂಚಿನ ಸಣ್ಣ ತುಣುಕೊಂದು ಮಡಿಯದೆ ಉಳಿದಿರುತ್ತದೆ. ಎರಡರಲ್ಲಿ ಯಾವುದು ಆದರೂ, ದೂರ ಬದಲಾಗದೆ ಉಳಿಯಿತು ಎಂಬ ವಾದ ಅಲ್ಲಿಗೇ ಬಿತ್ತು. ಮೊದಲು ಮೂಲೆಯ ಬಳಿ ಉಗುರಿನಿಂದ ಒಂದಂಗುಲ ಮಾತ್ರ ತೀಡಿ, ನೋಡಿ, ಆಮೇಲೆ ಉಳಿದದ್ದನ್ನು ಒತ್ತುವುದು ಜಾಣತನ. ದಪ್ಪ ರಟ್ಟಿನಂಥ ಕಾಗದ ಈ ಕೆಲಸಕ್ಕೆ ಬಾರದು, ಅದರ ಮಡಿಕೆಗೇ ಅಗಲವಿರುತ್ತದೆ.

ಕೋನಗಳನ್ನು ಅರ್ಧಿಸುತ್ತಾ ಹೋದರೆ 60ರಿಂದ 30, 15, ಏಳೂವರೆ ಹೀಗೆ ಸಿಗುತ್ತವೆ. 90ರಿಂದ 45 ಸಿಗುತ್ತದೆ. 20 ಡಿಗ್ರಿ ಮಾತ್ರ ಎಷ್ಟು ಸಲ ಅರ್ಧಿಸಿದರೂ ಸಿಗುವುದಿಲ್ಲ. 60 ಡಿಗ್ರಿಯನ್ನು ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ ಮೂರು ಪಾಲು ಮಾಡಲು ಸಾಧ್ಯವಿಲ್ಲ ಎಂದು ಫ್ರಾನ್ಸಿನ ಪಿಯರ್ ವಾಂಟ್ಸೆಲ್ 1837ರಲ್ಲೇ ಸಾಧಿಸಿದ್ದ. ಇಲ್ಲಿಯವರೆಗೆ ಹಾಕಿದ ಮಡಿಕೆಗಳು ಕೈವಾರ ಮಾಡಬಲ್ಲದ್ದನ್ನೇ ಮಾಡಿವೆ, ಹಾಗಾಗಿ ಅವಕ್ಕೂ ಅದೇ ಗಡಿ. ಆದರೆ ಕಾಗದಕ್ಕೆ ಇನ್ನೊಂದು ಬಗೆಯ ಮಡಿಕೆ ಗೊತ್ತು: ಎರಡು ಬಿಂದುಗಳನ್ನು ಒಂದೇ ಹೊಡೆತಕ್ಕೆ ಎರಡು ಬೇರೆ ಬೇರೆ ಗೆರೆಗಳ ಮೇಲೆ ತಂದು ಕೂರಿಸುವುದು. ಇಟಲಿಯ ಮಾರ್ಗರಿಟಾ ಬೆಲೋಕ್ 1936ರಲ್ಲಿ ಇಂಥ ಮಡಿಕೆಯಿಂದ ಘನ ಸಮೀಕರಣಗಳನ್ನು ಬಿಡಿಸಬಹುದು ಎಂದು ತೋರಿಸಿದರು, ಜಪಾನಿನ ಹಿಸಾಶಿ ಅಬೆ ಅದೇ ಜಾತಿಯ ಮಡಿಕೆಯಿಂದ ಲಘುಕೋನವನ್ನು ನಿಖರವಾಗಿ ಮೂರು ಪಾಲು ಮಾಡುವ ಕ್ರಮ ಕಂಡುಕೊಂಡರು. ಅದರ ಕತೆ ದೊಡ್ಡದು.

ಕೈಯಲ್ಲಿರುವ ಎರಡು ಮಡಿಕೆಗಳಿಂದಲೇ ಒಂದು ಒಳ್ಳೆಯ ಲೆಕ್ಕ ಮಾಡಬಹುದು. 20 ಸೆಂಟಿಮೀಟರಿನ ಚೌಕ ಕಾಗದವಿದೆ, ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಮಬಾಹು ತ್ರಿಭುಜ ಬೇಕು. ಮೊದಲಿನ ಕ್ರಮದಲ್ಲಿ ಮಡಿಸಿದರೆ 20 ಸೆಂಟಿಮೀಟರಿನ ಬಾಹು ಬರುತ್ತದೆ, ಎತ್ತರ 17.32, ಮೇಲೆ 2.68 ಸೆಂಟಿಮೀಟರು ವ್ಯರ್ಥವಾಗಿ ಉಳಿಯುತ್ತದೆ. ತ್ರಿಭುಜವನ್ನು ತುಸು ಓರೆ ಮಾಡಿದರೆ ಆ ಜಾಗವೂ ಉಪಯೋಗಕ್ಕೆ ಬರುತ್ತದೆ. ಅ ಮೂಲೆಯಿಂದ ಹೊರಟ 30 ಡಿಗ್ರಿಯ ಮಡಿಕೆ ಹೇಗೂ ಇದೆ. ಕೆಳಗಿನ ಅಂಚನ್ನು ಆ ಮಡಿಕೆಯ ಮೇಲೆ ಮಲಗಿಸಿದರೆ 15 ಡಿಗ್ರಿಯ ಹೊಸ ಮಡಿಕೆ ಬೀಳುತ್ತದೆ. ಅದು ಬಲಗಡೆಯ ಅಂಚನ್ನು ಮುಟ್ಟುವ ಜಾಗಕ್ಕೆ ಚುಕ್ಕಿ ಇಡಿ. ಈಗ ಅ ಮೂಲೆಯಿಂದ ಎದುರು ಮೂಲೆಗೆ ಕರ್ಣದ ಮಡಿಕೆ ಹಾಕಿ, ಆ ಚುಕ್ಕಿ ಮೇಲಂಚಿನಲ್ಲಿ ಎಲ್ಲಿ ಬಂದು ಕೂರುತ್ತದೋ ಅಲ್ಲೂ ಒಂದು ಗುರುತು ಮಾಡಿ. ಎರಡು ಗುರುತುಗಳನ್ನೂ ಅ ಮೂಲೆಯನ್ನೂ ಸೇರಿಸಿದರೆ ಬೇಕಾದ ತ್ರಿಭುಜ ಸಿಕ್ಕಿತು.

ಕರ್ಣ ಲಂಬಕೋನವನ್ನು ಅರ್ಧಿಸುವ ಮಡಿಕೆಯಾದ್ದರಿಂದ ಅ ಮೂಲೆಯಿಂದ ಹೊರಟ ಎರಡು ಬಾಹುಗಳು ಒಂದರ ಮೇಲೊಂದು ಕೂರುತ್ತವೆ, ಅವು ಸಮ. ಕೆಳಗೆ 15 ಡಿಗ್ರಿ ಹೋಯಿತು, ಕರ್ಣದ ಆಚೆಗೂ ಅದೇ 15 ಹೋಯಿತು. 90ರಲ್ಲಿ ಉಳಿದದ್ದು 60. ಎರಡು ಬಾಹುಗಳು ಸಮವಿದ್ದು ಅವುಗಳ ನಡುವಿನ ಕೋನ 60 ಆದರೆ ಮೂರನೆಯ ಬಾಹುವಿಗೆ ಬೇರೆ ದಾರಿಯಿಲ್ಲ. ಅಳೆದರೆ ಬಾಹು 20.7 ಸೆಂಟಿಮೀಟರು, ಚೌಕದ ಅಂಚಿಗಿಂತ ಉದ್ದ. ಬಲಗಡೆಯ ಅಂಚಿನ ಚುಕ್ಕಿ ಬ ಮೂಲೆಯಿಂದ 5.36 ಸೆಂಟಿಮೀಟರು ಮೇಲಿದೆ, ಅಂದರೆ ಮೊದಲ ತ್ರಿಭುಜದ ನೆತ್ತಿಯ ಮೇಲೆ ವ್ಯರ್ಥವಾಗಿದ್ದ 2.68ರ ಸರಿಯಾಗಿ ಎರಡರಷ್ಟು. ಇದು ಕಾಕತಾಳೀಯವಲ್ಲ. ಚೌಕದ ಮೇಲಿನ ಎಡಮೂಲೆಯಿಂದ ಕ ಬಿಂದುವಿನ ಮೂಲಕ ಒಂದು ಮಡಿಕೆ ಹಾಕಿ, ಅದು ಬಲಗಡೆಯ ಅಂಚನ್ನು ಎಲ್ಲಿ ಮುಟ್ಟುತ್ತದೆ ಎಂದು ನೋಡಿದರೆ ಕಾರಣ ಓದುಗರಿಗೇ ಹೊಳೆಯುತ್ತದೆ.